ಬರೆದ ಉತ್ತರ ಮಾಯವಾದಾಗ: ಆನ್‌ಲೈನ್ ಅರ್ಜಿಯ ಸೆಷನ್ ದೋಷ ಪತ್ತೆ ಮತ್ತು ಪರಿಹಾರ

ದೂರು ಸಾಮಾನ್ಯವಾಗಿ ಹೀಗಿರುತ್ತದೆ: ಉದ್ದದ ಉತ್ತರ ಟೈಪ್ ಮಾಡಿ "Save & Next" ಒತ್ತಿದರೆ ಲಾಗಿನ್ ಪುಟ ಬಂತು. ಮತ್ತೆ ಪಾಸ್‌ವರ್ಡ್, ಕ್ಯಾಪ್ಚಾ, ಓಟಿಪಿ ಎಲ್ಲ ಕೊಟ್ಟು ಒಳಗೆ ಹೋಗಿ ನೋಡಿದರೆ ಬಾಕ್ಸ್ ಖಾಲಿ. ಸಹಾಯಧನದ ಅರ್ಜಿ, ವಿದ್ಯಾರ್ಥಿವೇತನ, ಸಂಶೋಧನಾ ಪ್ರಸ್ತಾವ, ಯಾವುದೇ ಇರಲಿ, ಪುಟಗಟ್ಟಲೆ ವಿವರಣೆ ಕೇಳುವ ಕಡೆಯಲ್ಲೆಲ್ಲ ಇದು ಆಗುತ್ತದೆ. ಮಳೆಗಾಲದಲ್ಲಿ ಹೊಸನಗರ, ತೀರ್ಥಹಳ್ಳಿ, ಸಾಗರದ ಕಡೆ ಹೀಗಾದರೆ ಎಲ್ಲರೂ ಮೊದಲು ಬೈಯುವುದು ಟವರ್‌ಗೆ. ಟವರ್ ನಿರಪರಾಧಿಯೆಂದಲ್ಲ. ಆದರೆ ಲಾಗಿನ್ ಪುಟ ತೆರೆದುಕೊಂಡಿತು ಎಂದರೆ ಆ ಹೊತ್ತಿಗೆ ನೆಟ್‌ವರ್ಕ್ ಇತ್ತು ಎಂದೇ ಅರ್ಥ. ಅಲ್ಲಿ ಹುಡುಕಬೇಕಾದ ಕಾರಣ ಬೇರೆ.

ಸಮಯ ಎಣಿಸುವುದು ಸರ್ವರ್, ನಿಮ್ಮ ಬ್ರೌಸರ್ ಅಲ್ಲ

ಲಾಗಿನ್ ಆದಾಗ ಸರ್ವರ್ ನಿಮ್ಮ ಹೆಸರಿನಲ್ಲಿ ಒಂದು ದಾಖಲೆ ತೆರೆದು, ಅದರ ಗುರುತಿನ ಸಂಖ್ಯೆಯನ್ನು ಕುಕಿಯಾಗಿ ಬ್ರೌಸರಿಗೆ ಕೊಡುತ್ತದೆ. ಈ ದಾಖಲೆಯೇ ಸೆಷನ್. ನೀವು ಬಟನ್ ಒತ್ತಿದಾಗ ಅಥವಾ ಹೊಸ ಪುಟ ತೆರೆದಾಗ ಬ್ರೌಸರ್ ಆ ಸಂಖ್ಯೆಯನ್ನು ಜೊತೆಗೆ ಕಳಿಸುತ್ತದೆ. ಸರ್ವರ್ ಅದನ್ನು ಕಂಡು ಸಮಯವನ್ನು ಮತ್ತೆ ಸೊನ್ನೆಯಿಂದ ಎಣಿಸಲು ಶುರು ಮಾಡುತ್ತದೆ. ನಿಗದಿತ ಅವಧಿಯವರೆಗೆ ಏನೂ ಬಾರದಿದ್ದರೆ ದಾಖಲೆ ರದ್ದಾಗುತ್ತದೆ.

ಬಾಕ್ಸ್‌ನಲ್ಲಿ ಟೈಪ್ ಮಾಡುವುದು ಈ ಲೆಕ್ಕಕ್ಕೆ ಸೇರುವುದಿಲ್ಲ. ನೀವು ಮುಕ್ಕಾಲು ಗಂಟೆ ಬಿಡುವಿಲ್ಲದೆ ಕೀಲಿ ಒತ್ತಿದ್ದರೂ ಸರ್ವರಿಗೆ ಒಂದಕ್ಷರವೂ ತಲುಪಿರುವುದಿಲ್ಲ. ಅದರ ದೃಷ್ಟಿಯಲ್ಲಿ ನೀವು ಎದ್ದು ಊಟಕ್ಕೆ ಹೋಗಿದ್ದೀರಿ. ಕೆಲವು ಪುಟಗಳು ತಾವಾಗಿಯೇ ಹಿನ್ನೆಲೆಯಲ್ಲಿ ಆಗಾಗ ಉಳಿಸುತ್ತವೆ, ಆದರೆ ಉಳಿಸಿದ್ದು ಕಣ್ಣಿಗೆ ಕಾಣದ ಹೊರತು ಅದನ್ನು ನಂಬಿ ಕೂರಬಾರದು.

ಅವಧಿ ಎಷ್ಟು ಎಂಬುದನ್ನು ಆಯಾ ಜಾಲತಾಣದವರು ನಿರ್ಧರಿಸುತ್ತಾರೆ. ಅವರು ಏನನ್ನೂ ಬದಲಿಸದೆ ಬಿಟ್ಟಿದ್ದರೆ, ತಾಣಗಳನ್ನು ನಡೆಸುವ ತಂತ್ರಾಂಶಗಳಾದ ಎಎಸ್‌ಪಿ ಡಾಟ್‌ನೆಟ್‌ನಲ್ಲಿ 20 ನಿಮಿಷ, ಪಿಎಚ್‌ಪಿಯಲ್ಲಿ 1440 ಸೆಕೆಂಡು ಅಂದರೆ 24 ನಿಮಿಷ, ಟಾಮ್‌ಕ್ಯಾಟ್‌ನಲ್ಲಿ 30 ನಿಮಿಷ. ಹಣಕಾಸಿನ ವ್ಯವಹಾರದ ತಾಣಗಳು ಇದಕ್ಕಿಂತ ಬಹಳ ಕಡಿಮೆ ಇಟ್ಟುಕೊಳ್ಳುತ್ತವೆ.

ಪಿಎಚ್‌ಪಿಯ ವಿಷಯದಲ್ಲಿ ಒಂದು ವಿಚಿತ್ರವಿದೆ. ಅಲ್ಲಿ 24 ನಿಮಿಷ ಆಯಿತೆಂದ ಕೂಡಲೇ ಸೆಷನ್ ಅಳಿಯುವುದಿಲ್ಲ, ಅವಧಿ ಮುಗಿದದ್ದನ್ನು ಗುಡಿಸುವ ಕೆಲಸ ಆಮೇಲೆ ಯಾವಾಗಲೋ ನಡೆಯುತ್ತದೆ. ಹಲವು ಕಡೆ ಆ ಕೆಲಸ ಬರುವ ವಿನಂತಿಗಳ ಸಂಖ್ಯೆಗೆ ತಕ್ಕಂತೆ ಆಕಸ್ಮಿಕವಾಗಿ ಶುರುವಾಗುತ್ತದೆ. ಜನ ಕಡಿಮೆ ಇರುವ ದಿನ ಗುಡಿಸುವುದು ತಡವಾಗಿ, 40 ನಿಮಿಷ ಬಿಟ್ಟು ಒತ್ತಿದರೂ ಉತ್ತರ ಉಳಿಯುತ್ತದೆ. ಕೊನೆಯ ದಿನ ಜನ ಮುಗಿಬಿದ್ದಾಗ 25ನೇ ನಿಮಿಷಕ್ಕೇ ಹೋಗಿಬಿಡುತ್ತದೆ. "ಮೊನ್ನೆ ಸರಿಯಾಗೇ ಇತ್ತಲ್ಲ" ಎಂಬ ಮಾತಿಗೆ ಎಷ್ಟೋ ಸಲ ಇದೇ ಉತ್ತರ.

ಇನ್ನೊಂದು ಬಗೆಯ ಮಿತಿಯೂ ಇದೆ. ನೀವು ಎಷ್ಟೇ ಬಟನ್ ಒತ್ತುತ್ತಿರಿ, ಲಾಗಿನ್ ಆಗಿ ಇಷ್ಟು ಹೊತ್ತಾಯಿತು ಎಂದರೆ ಹೊರಗೆ ಹಾಕುವ ಒಟ್ಟು ಅವಧಿಯ ಮಿತಿ ಅದು. ಹತ್ತು ನಿಮಿಷಕ್ಕೊಮ್ಮೆ ಸೇವ್ ಮಾಡುತ್ತಿದ್ದರೂ ಒಂದು ಹೊತ್ತಿಗೆ ಲಾಗಿನ್ ಪುಟ ಬಂದರೆ ಇದನ್ನು ಅನುಮಾನಿಸಿ.

ಪುಟದ ಮೂಲೆಯಲ್ಲಿ ಉಳಿದ ಸಮಯ ತೋರಿಸುವ ಅಂಕಿಯನ್ನೂ ಪೂರ್ತಿ ನಂಬಬೇಡಿ. ಅದನ್ನು ಎಣಿಸುವುದು ನಿಮ್ಮ ಬ್ರೌಸರ್. ಲ್ಯಾಪ್‌ಟಾಪ್ ಮುಚ್ಚಿಟ್ಟಾಗ ಅಥವಾ ಬೇರೆ ಟ್ಯಾಬ್‌ನಲ್ಲಿದ್ದಾಗ ಆ ಎಣಿಕೆ ನಿಂತೋ ನಿಧಾನವಾಗಿಯೋ ಇರಬಹುದು, ಸರ್ವರಿನ ಎಣಿಕೆ ಮಾತ್ರ ನಡೆದೇ ಇರುತ್ತದೆ. ಮುಚ್ಚಳ ತೆರೆದಾಗ ಇನ್ನೂ 8 ನಿಮಿಷ ಇದೆ ಎಂದು ತೋರಿಸುವ ಪುಟದ ಸೆಷನ್ ಆಗಲೇ ಸತ್ತಿರಬಹುದು.

ಯಾವ ದೋಷ ಎಂದು ಲಕ್ಷಣದಿಂದ ತಿಳಿಯುವುದು

ಉತ್ತರ ಹೋಯಿತು ಎಂಬುದು ಒಂದೇ ದೂರಾದರೂ ಕಾರಣಗಳು ನಾಲ್ಕೈದು, ಪರಿಹಾರವೂ ಬೇರೆ ಬೇರೆ. ಬಟನ್ ಒತ್ತಿದ ಮೇಲೆ ಪರದೆಯಲ್ಲಿ ಏನು ಬಂತು ಎಂಬುದೇ ಮೊದಲ ಸುಳಿವು.

ಲಾಗಿನ್ ಪುಟ, "Session Expired", "419 Page Expired" ಅಥವಾ "ViewExpiredException" ಬಂದರೆ ಸಮಯ ಮೀರಿದ್ದೇ ಕಾರಣ ಎಂದು ಹಿಡಿದು ಮುಂದುವರಿಯಬಹುದು. ಆದರೆ ಒಂದು ವಿಚಾರಣೆ ಬಾಕಿ ಇದೆ: ಅದೇ ಹೊತ್ತಿಗೆ ಅದೇ ಖಾತೆಗೆ ಬೇರೆ ಯಾರಾದರೂ ಲಾಗಿನ್ ಆದರೇ? ಒಂದು ಖಾತೆಗೆ ಒಂದೇ ಸೆಷನ್ ಎಂಬ ನಿಯಮವಿರುವ ತಾಣದಲ್ಲಿ ತೀರ್ಥಹಳ್ಳಿಯಲ್ಲಿ ಕಾರ್ಯದರ್ಶಿ ಬರೆಯುತ್ತಿರುವಾಗ ಶಿವಮೊಗ್ಗದಿಂದ ಅಧ್ಯಕ್ಷರು "ಎಲ್ಲಿಗೆ ಬಂತು ನೋಡೋಣ" ಎಂದು ಮೊಬೈಲ್‌ನಲ್ಲಿ ತೆರೆದರೆ ಕಾರ್ಯದರ್ಶಿ ಹೊರಬೀಳುತ್ತಾರೆ. ಐದೇ ನಿಮಿಷಕ್ಕೆ ಹೊರಹಾಕಿದರೆ ಮೊದಲು ಕೇಳಬೇಕಾದ ಪ್ರಶ್ನೆ ಇದು. ಕರೆಂಟು ಹೋಗಿ ವೈಫೈ ಸತ್ತು ಮೊಬೈಲ್ ಡೇಟಾಗೆ ಬದಲಾದ ಕೂಡಲೇ ಹೊರಹಾಕಿದರೆ, ತಾಣವು ಸೆಷನ್ ಅನ್ನು ಐಪಿ ವಿಳಾಸಕ್ಕೆ ಕಟ್ಟಿಹಾಕಿರಬಹುದು. ಅಂಥ ತಾಣದಲ್ಲಿ ಶುರುವಿನಿಂದ ಕೊನೆಯವರೆಗೂ ಒಂದೇ ಸಂಪರ್ಕದಲ್ಲಿರಬೇಕು.

ಲಾಗಿನ್ ಕೇಳಲಿಲ್ಲ, ಹೆಸರು ಮೇಲ್ಗಡೆ ಹಾಗೇ ಇದೆ, ಆದರೆ ಪುಟ ಮತ್ತೆ ಲೋಡ್ ಆಗಿ ಬಾಕ್ಸ್ ಖಾಲಿಯಾಗಿದೆ ಎಂದರೆ ಅದು ಸೆಷನ್ ದೋಷವಲ್ಲ. ಮೊಬೈಲ್‌ನಲ್ಲಿ ಇದು ತೀರಾ ಮಾಮೂಲು. ಓಟಿಪಿ ನೋಡಲು ಮೆಸೇಜಿಗೆ, ಪಹಣಿಯ ಫೋಟೊ ಹುಡುಕಲು ಗ್ಯಾಲರಿಗೆ ಹೋಗಿ ಬರುವಷ್ಟರಲ್ಲಿ ಮೆಮೊರಿ ಸಾಲದೆ ಫೋನು ಆ ಟ್ಯಾಬನ್ನು ಬಿಸಾಕಿರುತ್ತದೆ. ಹಿಂದಿರುಗಿದಾಗ ಸರ್ವರಿನಿಂದ ಹೊಸ ಪುಟ ತರುತ್ತದೆ, ಅದರಲ್ಲಿ ನೀವು ಬರೆದದ್ದು ಇರುವುದಿಲ್ಲ. ಇದಕ್ಕೆ ಬೇಗ ಬೇಗ ಬರೆಯುವುದು ಮದ್ದಲ್ಲ. ಕಡತಗಳನ್ನೆಲ್ಲ ಮೊದಲೇ ಒಂದೇ ಫೋಲ್ಡರಿನಲ್ಲಿಟ್ಟು, ಅರ್ಜಿ ತೆರೆದ ಮೇಲೆ ಬ್ರೌಸರ್ ಬಿಟ್ಟು ಕದಲದಿರುವುದು ಮದ್ದು.

ಕೆಂಪಕ್ಷರದಲ್ಲಿ ತಪ್ಪು ತೋರಿಸಿ ಅದೇ ಪುಟ ಮತ್ತೆ ಬಂದು, ಜೊತೆಗೆ ಬಾಕ್ಸ್ ಖಾಲಿಯಾಗಿದ್ದರೆ ಸರ್ವರ್ ನಿಮ್ಮ ಉತ್ತರವನ್ನು ಓದಿ ತಿರಸ್ಕರಿಸಿದೆ. ಕಾರಣ ಅಕ್ಷರ ಮಿತಿ ಅಥವಾ ಒಪ್ಪದ ಚಿಹ್ನೆ. ಡೈನೋಸಾರ್ ಚಿತ್ರದೊಂದಿಗೆ "No internet" ಬಂದರಂತೂ ಅದು ನಿಜಕ್ಕೂ ಟವರ್ರೇ.

ಒಂದು ಪ್ರಕರಣ, ಹಂತ ಹಂತವಾಗಿ

ತೀರ್ಥಹಳ್ಳಿ ಕಡೆಯ ಅಡಿಕೆ ಬೆಳೆಗಾರರ ಗುಂಪೊಂದು ಒಣಗಿಸುವ ಘಟಕಕ್ಕೆ ಸಹಾಯಧನ ಕೋರಿ ಆರು ಪುಟದ ಅರ್ಜಿ ತುಂಬುತ್ತಿದೆ ಎಂದಿಟ್ಟುಕೊಳ್ಳಿ. ಮೊದಲ ಮೂರು ಪುಟದಲ್ಲಿ ಹೆಸರು, ಸರ್ವೆ ನಂಬರ್, ಬ್ಯಾಂಕ್ ವಿವರ. ನಾಲ್ಕನೆಯದರಲ್ಲಿ ತಲಾ 2000 ಅಕ್ಷರ ಮಿತಿಯ ಮೂರು ಬಾಕ್ಸ್. ಅದರಲ್ಲೊಂದು ಪ್ರಶ್ನೆ: ಕೊಯ್ಲಿನ ಹೊತ್ತಿನ ಮಳೆಯಿಂದ ಒಣಗಿಸುವ ಹಂತದಲ್ಲಿ ಆಗುವ ನಷ್ಟವನ್ನು ವಿವರಿಸಿ. ಮೂರನ್ನೂ ಬರೆದು "Save & Next" ಒತ್ತಿದಾಗ ಲಾಗಿನ್ ಪುಟ. ಮರಳಿ ಹೋದರೆ 1ರಿಂದ 3ನೇ ಪುಟ ತುಂಬಿದೆ, ನಾಲ್ಕನೆಯದು ಖಾಲಿ.

ಇಷ್ಟರಿಂದಲೇ ಎರಡು ವಿಷಯ ತಿಳಿಯುತ್ತದೆ. ಮೊದಲ ಮೂರು ಪುಟ ಉಳಿದಿರುವುದರಿಂದ ಈ ತಾಣ ಪುಟ ಪುಟವಾಗಿ ಸೇವ್ ಮಾಡುತ್ತದೆ, ಕೊನೆಯ "Submit" ತನಕ ಕಾಯುವುದಿಲ್ಲ. ಲಾಗಿನ್ ಪುಟ ಬಂದದ್ದರಿಂದ ನಾಲ್ಕನೇ ಪುಟ ತೆರೆದಾಗಿನಿಂದ ಬಟನ್ ಒತ್ತುವ ತನಕದ ಹೊತ್ತು ಮಿತಿ ಮೀರಿದೆ. ಆ ಮಿತಿ ಎಷ್ಟೆಂದು ಊಹಿಸುವ ಬದಲು ಅಳೆಯಬಹುದು.

ಬಾಕ್ಸ್‌ನಲ್ಲಿ "ಪರೀಕ್ಷೆ" ಎಂದಷ್ಟೇ ಬರೆದು ಸೇವ್ ಮಾಡಿ, ಗಂಟೆ ನೋಡಿಕೊಳ್ಳಿ. ಆ ಟ್ಯಾಬ್ ಮುಟ್ಟದೆ 10 ನಿಮಿಷ ಬಿಟ್ಟು ಮತ್ತೆ ಸೇವ್ ಒತ್ತಿ. ಉಳಿದರೆ 20 ನಿಮಿಷ ಬಿಟ್ಟು ಒತ್ತಿ, ಆಮೇಲೆ 30. ಪ್ರತಿ ಸೇವ್ ಎಣಿಕೆಯನ್ನು ಸೊನ್ನೆಗೆ ತರುವುದರಿಂದ ಪ್ರತಿ ಕಾಯುವಿಕೆಯೂ ಹೊಸ ಪರೀಕ್ಷೆ. ಕಾಯುವಾಗ ಅದೇ ತಾಣದ ಇನ್ನೊಂದು ಪುಟ ತೆರೆಯಬೇಡಿ, ಅದೂ ಎಣಿಕೆಯನ್ನು ಸೊನ್ನೆಗೆ ತರುತ್ತದೆ. ನಮ್ಮ ಪ್ರಕರಣದಲ್ಲಿ 10 ಮತ್ತು 20ಕ್ಕೆ ಉಳಿದು 30ಕ್ಕೆ ಹೋಯಿತು ಎನ್ನಿ. ಮಿತಿ 20ಕ್ಕೂ 30ಕ್ಕೂ ನಡುವೆ ಎಲ್ಲೋ ಇದೆ. ನಿಖರ ನಿಮಿಷ ಹುಡುಕುತ್ತಾ ಕೂರುವ ಅಗತ್ಯವಿಲ್ಲ. ಉಳಿದ ಅತಿ ದೊಡ್ಡ ಅಂಕಿಯ ಅರ್ಧ, ಅಂದರೆ 10 ನಿಮಿಷಕ್ಕೊಮ್ಮೆ ಸೇವ್ ಎಂದು ಗೊತ್ತು ಮಾಡಿಕೊಂಡರೆ ಜನಜಂಗುಳಿಯ ದಿನವೂ ನಡೆಯುತ್ತದೆ.

ಡೆವಲಪರ್ ಟೂಲ್ ಬಲ್ಲವರು ಕುಕಿಯ ಪಟ್ಟಿಯಲ್ಲಿ PHPSESSID ಅಥವಾ JSESSIONID ಹುಡುಕಿ, ಅದರ ಅವಧಿಯ ಕಾಲಂನಲ್ಲಿ "Session" ಎಂದಿರುವುದನ್ನು ಕಂಡು ಬ್ರೌಸರ್ ಮುಚ್ಚುವ ತನಕ ಭಯವಿಲ್ಲ ಎಂದುಕೊಳ್ಳುತ್ತಾರೆ. ಅದು ಬರೀ ಕುಕಿಯ ಆಯಸ್ಸು. ಸರ್ವರಿನಲ್ಲಿರುವ ದಾಖಲೆ ಎಷ್ಟು ಹೊತ್ತು ಬದುಕುತ್ತದೆ ಎಂಬುದು ಅಲ್ಲಿ ಕಾಣುವುದಿಲ್ಲ.

ಈಗ ಗುಂಪಿನವರು ಉತ್ತರಗಳನ್ನು ವರ್ಡ್‌ನಲ್ಲಿ ಬರೆದು ತಂದು ಪೇಸ್ಟ್ ಮಾಡಿ ಎರಡೇ ನಿಮಿಷದಲ್ಲಿ ಸೇವ್ ಒತ್ತುತ್ತಾರೆ. ಮತ್ತೆ ಬಾಕ್ಸ್ ಖಾಲಿ! ಈ ಸಲ ಲಾಗಿನ್ ಪುಟವಿಲ್ಲ, "Invalid characters" ಎಂಬ ಸಾಲಿದೆ. ಹಾಗಾಗಿ ಸಮಯದ ಮಾತೇ ಬರುವುದಿಲ್ಲ. ವರ್ಡ್ ತಾನಾಗಿ ಬಾಗಿದ ಉದ್ಧರಣ ಚಿಹ್ನೆ, ಉದ್ದನೆಯ ಗೆರೆ, ಗುಂಡು ಚುಕ್ಕೆ ಹಾಕಿರುತ್ತದೆ. ಕೆಲವು ತಾಣಗಳು ಇವನ್ನು, ಇನ್ನು ಕೆಲವು & ಮತ್ತು < ಚಿಹ್ನೆಗಳನ್ನೂ ಒಪ್ಪುವುದಿಲ್ಲ. Ctrl+Shift+V ಒತ್ತಿ ಪೇಸ್ಟ್ ಮಾಡಿದರೆ ಅಕ್ಷರದ ಬಣ್ಣ, ದಪ್ಪ ಕಳಚಿಕೊಳ್ಳುತ್ತವೆಯೇ ಹೊರತು ಬಾಗಿದ ಚಿಹ್ನೆ ನೆಟ್ಟಗಾಗುವುದಿಲ್ಲ. ಅದನ್ನು ಕೈಯಿಂದಲೇ ಬದಲಿಸಬೇಕು. ಯಾವ ಚಿಹ್ನೆ ತಪ್ಪು ಎಂದು ತಾಣ ಹೇಳದಿದ್ದರೆ ಉತ್ತರದ ಮೊದಲರ್ಧ ಮಾತ್ರ ಹಾಕಿ ಸೇವ್ ಮಾಡಿ. ಅದು ಸೇವ್ ಆದರೆ ಕಳ್ಳ ಇರುವುದು ಉಳಿದರ್ಧದಲ್ಲಿ. ಅದನ್ನೂ ಅರ್ಧ ಮಾಡುತ್ತ ಹೋದರೆ ನಾಲ್ಕೈದು ಸಲದೊಳಗೆ ಅವನು ಯಾವ ಸಾಲಿನಲ್ಲಿದ್ದಾನೆ ಎಂದು ತಿಳಿಯುತ್ತದೆ.

ಚಿಹ್ನೆ ಸರಿಪಡಿಸಿದ ಮೇಲೆ ಉತ್ತರ ಸೇವ್ ಆಯಿತು, ಆದರೆ ಕೊನೆಯ ಎರಡು ಸಾಲು ಇಲ್ಲ. ಇದು ಇನ್ನೂ ಅಪಾಯದ ದೋಷ, ಏಕೆಂದರೆ ಯಾವ ಎಚ್ಚರಿಕೆಯೂ ಬರುವುದಿಲ್ಲ. ಮಿತಿ ಹಾಕಿದ ಬಾಕ್ಸಿಗೆ ಪೇಸ್ಟ್ ಮಾಡಿದಾಗ ಬ್ರೌಸರ್ ಹೆಚ್ಚಾದದ್ದನ್ನು ಸದ್ದಿಲ್ಲದೆ ಕತ್ತರಿಸಿಬಿಡುತ್ತದೆ. ಕನ್ನಡದಲ್ಲಿ ಇದು ಎಲ್ಲರ ಲೆಕ್ಕ ತಪ್ಪಿಸುತ್ತದೆ, ಯಾಕೆಂದರೆ ನಾವು ಎಣಿಸುವ ಅಕ್ಷರ ಬೇರೆ, ಗಣಕ ಎಣಿಸುವುದು ಬೇರೆ. "ಶಿವಮೊಗ್ಗ" ನಮಗೆ ನಾಲ್ಕಕ್ಷರ: ಶಿ, ವ, ಮೊ, ಗ್ಗ. ಬ್ರೌಸರಿಗೆ ಗುಣಿತ ಚಿಹ್ನೆ, ಅರ್ಧಾಕ್ಷರದ ಚಿಹ್ನೆ ಎಲ್ಲವೂ ಪ್ರತ್ಯೇಕ, ಒಟ್ಟು ಎಂಟು. ಸರ್ವರ್ ಬೈಟುಗಳಲ್ಲಿ ಎಣಿಸಿದರೆ ಒಂದೊಂದಕ್ಕೂ ಮೂರು ಬೈಟಿನಂತೆ ಅದೇ ಹೆಸರು 24 ಆಗುತ್ತದೆ. ಕ್ರೋಮ್ ಅಥವಾ ಫೈರ್‌ಫಾಕ್ಸ್‌ನಲ್ಲಿ F12 ಒತ್ತಿ, ಕನ್ಸೋಲ್‌ನಲ್ಲಿ ಹೀಗೆ ಬರೆದು ನೋಡಬಹುದು:

```
"ಶಿವಮೊಗ್ಗ".length
new TextEncoder().encode("ಶಿವಮೊಗ್ಗ").length
```

ಮೊದಲನೆಯದಕ್ಕೆ 8, ಎರಡನೆಯದಕ್ಕೆ 24 ಬರುತ್ತದೆ. ಹಾಗಾಗಿ 2000 ಅಕ್ಷರ ಮಿತಿ ಎಂದಿದ್ದರೆ ಕನ್ನಡದಲ್ಲಿ ನಮ್ಮ ಕಣ್ಣಿನ ಲೆಕ್ಕದ 2000 ಅಕ್ಷರ ಹಿಡಿಯುವುದಿಲ್ಲ. ಇನ್ನೊಂದು ಪೇಚು: ಪರದೆಯ ಮೇಲೆ ಒಂದಾಗಿ ಎಣಿಸುವ ಸಾಲು ಮುರಿತವನ್ನು ಬ್ರೌಸರ್ ಕಳಿಸುವಾಗ ಎರಡು ಚಿಹ್ನೆಯಾಗಿಸುತ್ತದೆ. ಮಿತಿಗೆ ತಾಗಿಕೊಂಡೇ ಬರೆದು ಹತ್ತು ಕಡೆ ಎಂಟರ್ ಒತ್ತಿದ್ದರೆ ಸರ್ವರಿನಲ್ಲಿ ಹತ್ತು ಹೆಚ್ಚಾಗಬಹುದು. ಮಿತಿಯಲ್ಲಿ ನೂರರಷ್ಟು ಖಾಲಿ ಬಿಟ್ಟರೆ ಈ ಕಿರಿಕಿರಿ ಇಲ್ಲ. ಪೇಸ್ಟ್ ಮಾಡಿದ ಮೇಲೆ ಬಾಕ್ಸ್‌ನ ಕೊನೆಯ ಸಾಲಿಗೆ ಇಳಿದು ಮೂಲದ ಕೊನೆಯ ಪದ ಅಲ್ಲಿದೆಯೇ ನೋಡುವುದನ್ನು ಮಾತ್ರ ಬಿಡಬೇಡಿ.

ಬರೆದದ್ದು ಇನ್ನೂ ಪರದೆಯ ಮೇಲಿದ್ದರೆ

ಬಹಳ ಹೊತ್ತಾಗಿದೆ, ಇನ್ನೂ ಬಟನ್ ಒತ್ತಿಲ್ಲ ಎಂದರೆ ಏನೂ ಕಳೆದಿಲ್ಲ. ಒತ್ತುವ ಮುಂಚೆ ಬಾಕ್ಸ್‌ನೊಳಗೆ ಕ್ಲಿಕ್ ಮಾಡಿ Ctrl+A, Ctrl+C ಒತ್ತಿ ನೋಟ್‌ಪ್ಯಾಡಿಗೆ ಪೇಸ್ಟ್ ಮಾಡಿ, ಸೇವ್ ಮಾಡಿ. ಬಾಕ್ಸ್ ಮೂರಿದ್ದರೆ ಮೂರು ಸಲ. ತಾಣವು ಕಾಪಿ ಮಾಡಲು ಬಿಡದಿದ್ದರೆ ಕನ್ಸೋಲ್‌ನಲ್ಲಿ ಈ ಒಂದು ಸಾಲು ಎಲ್ಲ ಬಾಕ್ಸ್‌ಗಳ ಬರಹವನ್ನೂ ಕ್ಲಿಪ್‌ಬೋರ್ಡಿಗೆ ತರುತ್ತದೆ:

```
copy([...document.querySelectorAll("textarea")].map(t => t.value).join("\n\n----\n\n"))
```

ಕ್ರೋಮ್ ಮೊದಲ ಸಲ ತಡೆದು "allow pasting" ಎಂದು ಟೈಪ್ ಮಾಡಲು ಹೇಳಬಹುದು. ಆ ತಡೆ ಇರುವುದು ಒಳ್ಳೆಯದಕ್ಕೇ. ಯಾರೋ ವಾಟ್ಸಾಪ್‌ನಲ್ಲಿ ಕಳಿಸಿದ, ಅರ್ಥವಾಗದ ಕೋಡನ್ನು ಅಲ್ಲಿ ಹಾಕಬಾರದು. ಮೇಲಿನ ಸಾಲು ಬಾಕ್ಸ್‌ಗಳನ್ನು ಓದುತ್ತದೆ ಅಷ್ಟೇ, ಎಲ್ಲಿಗೂ ಏನನ್ನೂ ಕಳಿಸುವುದಿಲ್ಲ. ಬಾಕ್ಸ್‌ನ ಮೇಲೆ ದಪ್ಪಕ್ಷರ, ಓರೆಯಕ್ಷರದ ಬಟನ್‌ಗಳಿರುವ ಕಡೆ ಇದು ಸಾಮಾನ್ಯವಾಗಿ ಖಾಲಿ ಬರುತ್ತದೆ. ಅಲ್ಲಿ ಪರದೆಯ ಫೋಟೊ ತೆಗೆದುಕೊಳ್ಳುವುದೇ ಉಳಿದ ದಾರಿ.

ಕಾಪಿ ಕೈಯಲ್ಲಿದೆ ಎಂದಾದ ಮೇಲೆ ಆ ಟ್ಯಾಬ್ ಹಾಗೇ ಬಿಟ್ಟು, ಅದೇ ಬ್ರೌಸರಿನ ಇನ್ನೊಂದು ಟ್ಯಾಬ್‌ನಲ್ಲಿ ಲಾಗಿನ್ ಆಗಿ. ಕುಕಿ ಎರಡಕ್ಕೂ ಒಂದೇ ಆದ್ದರಿಂದ ಹಳೆಯ ಟ್ಯಾಬ್‌ಗೆ ಕೆಲವೊಮ್ಮೆ ಮತ್ತೆ ಜೀವ ಬರುತ್ತದೆ. ಪುಟ ಯಾವ ಸೆಷನ್ನಿನದ್ದೆಂದು ಗುರುತಿಸಲು ಅದರೊಳಗೆ ಟೋಕನ್ ಎಂಬ ಗುಪ್ತ ಸಂಕೇತ ಇಡುವ ತಾಣಗಳಲ್ಲಿ ಆ ಟೋಕನ್ ಹಳೆಯ ಸೆಷನ್ನಿನದ್ದಾಗಿ 403 ಅಥವಾ 419 ಎಂಬ ದೋಷ ಬರುತ್ತದೆ. ಆಗ ಹೊಸ ಟ್ಯಾಬ್‌ನಲ್ಲೇ ಪೇಸ್ಟ್ ಮಾಡಬೇಕು.

ಬಟನ್ ಒತ್ತಿ ಲಾಗಿನ್ ಪುಟ ಬಂದೇ ಬಿಟ್ಟಿದ್ದರೂ ಕೈಚೆಲ್ಲುವ ಮುಂಚೆ ವಿಳಾಸದ ಪಟ್ಟಿ ನೋಡಿ. ವಿಳಾಸವೇ ಲಾಗಿನ್ ಪುಟದ್ದಾಗಿದ್ದರೆ ಸರ್ವರ್ ನಿಮ್ಮನ್ನು ಬೇರೆಡೆಗೆ ಕಳಿಸಿದೆ, ಕಳಿಸಿದ ಉತ್ತರವನ್ನು ಬ್ರೌಸರ್ ಜೊತೆಯಲ್ಲಿ ಒಯ್ಯುವುದಿಲ್ಲ. ಒಂದು ಸಲ ಬ್ಯಾಕ್ ಒತ್ತಿದರೆ ತುಂಬಿದ ಪುಟ ಸಿಗಬಹುದು, ಸಿಗದೆಯೂ ಇರಬಹುದು. ಸಿಕ್ಕರೆ ತಕ್ಷಣ ಕಾಪಿ ಮಾಡಿ. ಆದರೆ ವಿಳಾಸದಲ್ಲಿ ಅರ್ಜಿಯ ಪುಟದ ಹೆಸರೇ ಇದ್ದು, ಒಳಗೆ ಮಾತ್ರ "ಲಾಗಿನ್ ಆಗಿ" ಎಂದಿದ್ದರೆ ನಿಮ್ಮ ಉತ್ತರ ಬಹುಶಃ ಇನ್ನೂ ಬ್ರೌಸರಿನ ನೆನಪಿನಲ್ಲಿದೆ. ಆ ಟ್ಯಾಬ್‌ನಲ್ಲಿ ಏನೂ ಮಾಡದೆ ಇನ್ನೊಂದರಲ್ಲಿ ಲಾಗಿನ್ ಆಗಿ ಬಂದು ಇಲ್ಲಿ ರಿಫ್ರೆಶ್ ಒತ್ತಿ. ಮಾಹಿತಿಯನ್ನು ಮತ್ತೆ ಕಳಿಸಲೇ ಎಂದು ಬ್ರೌಸರ್ "Confirm Form Resubmission" ಪ್ರಶ್ನೆ ಕೇಳಿದರೆ ಒಪ್ಪಿಕೊಳ್ಳಿ. ಅದೇ ಉತ್ತರ ಈಗ ಜೀವಂತ ಸೆಷನ್ನಿನೊಂದಿಗೆ ಮತ್ತೆ ಹೋಗುತ್ತದೆ. ಟೋಕನ್ ಅಡ್ಡ ಬಂದರೆ ಇದೂ ಸೋಲುತ್ತದೆ. ಹಣ ಪಾವತಿಯ ಪುಟದಲ್ಲಿ ಮಾತ್ರ ಈ ಉಪಾಯಕ್ಕೆ ಕೈಹಾಕಬೇಡಿ, ಎರಡು ಸಲ ಕಡಿತವಾದೀತು.

ಡ್ರಾಫ್ಟ್ ನಿಜವಾಗಿ ಉಳಿದಿದೆಯೇ?

"Save Draft" ಬಟನ್ ಇದೆ ಎಂದಾಕ್ಷಣ ನಿಶ್ಚಿಂತೆ ಬೇಡ. ಕೆಲವು ತಾಣಗಳಲ್ಲಿ ಕಡ್ಡಾಯ ಬಾಕ್ಸ್ ಒಂದು ಖಾಲಿಯಿದ್ದರೂ ಡ್ರಾಫ್ಟ್ ಉಳಿಯುವುದಿಲ್ಲ, ಪುಟದ ತುದಿಯಲ್ಲೆಲ್ಲೋ ಸಣ್ಣ ಕೆಂಪು ಸಾಲು ಬಂದು ಹೋಗುತ್ತದೆ. ಅಂಥ ಕಡೆ ಉಳಿದ ಬಾಕ್ಸ್‌ಗಳಲ್ಲಿ ಸದ್ಯಕ್ಕೆ ಒಂದೊಂದು ಪದ ತುಂಬಿಸಿ ಸೇವ್ ಮಾಡಬೇಕಾಗುತ್ತದೆ. ಆ ಪದಗಳನ್ನು ಸಲ್ಲಿಸುವ ಮುಂಚೆ ತೆಗೆಯಲು ಎಲ್ಲಾದರೂ ಗುರುತು ಹಾಕಿಕೊಳ್ಳಿ, ಇಲ್ಲವಾದರೆ "ಪರೀಕ್ಷೆ" ಎಂಬ ಉತ್ತರವೇ ಇಲಾಖೆಗೆ ಹೋಗುತ್ತದೆ.

ಡ್ರಾಫ್ಟ್ ಉಳಿಯುವ ಜಾಗವೂ ಎರಡು ಬಗೆ. ಸರ್ವರಿನಲ್ಲಿ ಉಳಿದರೆ ಎಲ್ಲಿಂದ ಲಾಗಿನ್ ಆದರೂ ಸಿಗುತ್ತದೆ. ಬ್ರೌಸರಿನಲ್ಲಷ್ಟೇ ಉಳಿದರೆ ಆ ಗಣಕದಲ್ಲಿ, ಆ ಬ್ರೌಸರಿನಲ್ಲಿ ಮಾತ್ರ. ಸೈಬರ್ ಸೆಂಟರಿನವರು ಇನ್‌ಕಾಗ್ನಿಟೋ ಕಿಟಕಿ ತೆರೆದುಕೊಟ್ಟಿದ್ದರೆ ಅದನ್ನು ಮುಚ್ಚಿದ ಕೂಡಲೇ ಎರಡನೇ ಬಗೆಯ ಡ್ರಾಫ್ಟ್ ಅಳಿಯುತ್ತದೆ. ಪತ್ತೆ ಸುಲಭ: ಒಂದು ಸಾಲು ಬರೆದು ಡ್ರಾಫ್ಟ್ ಉಳಿಸಿ, ಲಾಗೌಟ್ ಆಗಿ, ಫೋನಿನಿಂದ ಲಾಗಿನ್ ಆಗಿ ನೋಡಿ. ಸಾಲು ಅಲ್ಲಿದ್ದರೆ ಸರ್ವರಿನಲ್ಲಿದೆ. ಲಗತ್ತಿಸಿದ ಕಡತಗಳನ್ನು ಆಗಲೇ ಪ್ರತ್ಯೇಕವಾಗಿ ಪರಿಶೀಲಿಸಿ. ಆಯ್ಕೆ ಮಾಡಿ ಇನ್ನೂ ಅಪ್‌ಲೋಡ್ ಆಗದ ಕಡತವನ್ನು ಸುರಕ್ಷತೆಯ ಕಾರಣಕ್ಕೆ ಯಾವ ಪುಟವೂ ತಾನಾಗಿ ಮತ್ತೆ ತುಂಬಿಸಲಾರದು, ಮತ್ತೆ ಕೈಯಿಂದಲೇ ಆಯ್ಕೆ ಮಾಡಬೇಕು.

ಉತ್ತರಕ್ಕೆ ಬೇರೆ ಫೈಲು

ಎರಡು ಸಾಲಿಗಿಂತ ಹೆಚ್ಚಿನ ಯಾವ ಉತ್ತರವನ್ನೂ ಬಾಕ್ಸ್‌ನಲ್ಲೇ ರಚಿಸಬಾರದು ಎಂಬುದು ನಮ್ಮ ಖಚಿತ ಅಭಿಪ್ರಾಯ. ಮಲೆನಾಡಿಗೆ ಇದು ಇನ್ನೊಂದು ಕಾರಣಕ್ಕೂ ಹೊಂದುತ್ತದೆ. ಬರೆಯುವ ಕೆಲಸಕ್ಕೆ ನೆಟ್‌ವರ್ಕ್ ಬೇಡ, ಮನೆಯಲ್ಲೇ ನಿಧಾನವಾಗಿ ಆಗುತ್ತದೆ. ನೆಟ್‌ವರ್ಕ್ ಬೇಕಾಗುವುದು ಪೇಸ್ಟ್ ಮಾಡುವ ಹೊತ್ತಿಗೆ ಮಾತ್ರ. ಅದನ್ನು ಪೇಟೆಗೆ ಬಂದ ದಿನ ಮುಗಿಸಬಹುದು.

ಮೊದಲು ಅರ್ಜಿಯನ್ನೊಮ್ಮೆ ತೆರೆದು ಎಲ್ಲ ಪ್ರಶ್ನೆಗಳನ್ನೂ ಮಿತಿಯ ಸಮೇತ ಫೈಲಿಗೆ ಇಳಿಸಿಕೊಳ್ಳಿ. ಪ್ರಶ್ನೆಯನ್ನು ಚುಟುಕಾಗಿಸದೆ ಇದ್ದಂತೆಯೇ ಬರೆದುಕೊಂಡರೆ ಉತ್ತರ ದಾರಿ ತಪ್ಪುವುದಿಲ್ಲ. ಒಂದು ಪ್ರಶ್ನೆಯ ರೂಪ ಹೀಗಿದ್ದರೆ ಸಾಕು:

ಪುಟ 4, ಪ್ರಶ್ನೆ 2. ಕೊಯ್ಲಿನ ಹೊತ್ತಿನ ಮಳೆಯಿಂದ ಒಣಗಿಸುವ ಹಂತದಲ್ಲಿ ಆಗುವ ನಷ್ಟವನ್ನು ವಿವರಿಸಿ.
ಮಿತಿ: 2000. ಗುರಿ: 1900. ಈಗ: 1860.
ಉತ್ತರ: …
ತಾಣದಲ್ಲಿ ಸೇವ್ ಆದದ್ದು: ದಿನಾಂಕ, ಗಂಟೆ.

ಕೊನೆಯ ಸಾಲು ಕ್ಷುಲ್ಲಕ ಎನಿಸಬಹುದು. ಮೂರು ಜನ ಸೇರಿ ತುಂಬುವ ಅರ್ಜಿಯಲ್ಲಿ ಯಾವ ಉತ್ತರ ಹಾಕಿಯಾಗಿದೆ, ಯಾವುದು ಆಮೇಲೆ ತಿದ್ದಿದ್ದು ಎಂಬ ಗೊಂದಲ ತಪ್ಪುವುದು ಅದರಿಂದಲೇ. ತಿದ್ದುವುದಿದ್ದರೂ ಫೈಲಿನಲ್ಲಿ ತಿದ್ದಿ ಪೂರ್ತಿ ಉತ್ತರವನ್ನು ಮತ್ತೆ ಪೇಸ್ಟ್ ಮಾಡಿ. ಬಾಕ್ಸ್‌ನಲ್ಲೇ ತಿದ್ದಿದರೆ ಎರಡು ಪ್ರತಿಗಳು ಬೇರೆಬೇರೆಯಾಗಿ ಮುಂದಿನ ಸಲ ಹಳೆಯದೇ ಹೋಗುತ್ತದೆ.

ಫೈಲು ಯಾವುದರಲ್ಲಿರಬೇಕು ಎಂದರೆ ನೋಟ್‌ಪ್ಯಾಡ್ ನಮ್ಮ ಮೊದಲ ಆಯ್ಕೆ, ಏಕೆಂದರೆ ಅದು ತಾನಾಗಿ ಬಾಗಿದ ಚಿಹ್ನೆ, ಗುಂಡು ಚುಕ್ಕೆ ಸೇರಿಸುವುದಿಲ್ಲ. ಸೇವ್ ಮಾಡುವಾಗ ಎನ್‌ಕೋಡಿಂಗ್ UTF-8 ಇದೆಯೇ ನೋಡಿ. ಹಳೆಯ ವಿಂಡೋಸ್‌ನಲ್ಲಿ ANSI ಎಂದಿರುತ್ತದೆ, ಎಚ್ಚರಿಕೆಯನ್ನು ಓದದೆ ಒಪ್ಪಿದರೆ ಕನ್ನಡವೆಲ್ಲ ಪ್ರಶ್ನಾರ್ಥಕ ಚಿಹ್ನೆಗಳಾಗಿ ಉಳಿಯುತ್ತದೆ, ಮರಳಿ ಬರುವುದಿಲ್ಲ. ವರ್ಡ್ ಅಥವಾ ಲಿಬ್ರೆಆಫೀಸ್ ಬಳಸುವವರು ಅವು ಮರುಪಡೆಯಲೆಂದು ತಾವಾಗಿ ಉಳಿಸಿಕೊಳ್ಳುವುದನ್ನು ನೆಚ್ಚಿಕೊಳ್ಳದಿರಿ. ಬದಲಿಸದೆ ಬಿಟ್ಟರೆ ಅದು 10 ನಿಮಿಷಕ್ಕೊಮ್ಮೆ ನಡೆಯುತ್ತದೆ, ಬ್ಯಾಟರಿಯಿಲ್ಲದ ಡೆಸ್ಕ್‌ಟಾಪ್‌ನಲ್ಲಿ ಕರೆಂಟು ಹೋದರೆ ಆ ನಡುವಿನದ್ದು ಹೋದಂತೆಯೇ. ಪ್ರತಿ ಪ್ಯಾರಾಕ್ಕೊಮ್ಮೆ Ctrl+S ಒತ್ತಿ. ಫೋನಿನಲ್ಲಿ ಬರೆಯುವವರು ನೋಟ್ಸ್ ಆ್ಯಪ್‌ನಲ್ಲೇ ಬರೆಯಲಿ. ಕಾಪಿ ಮಾಡಿ ಕ್ಲಿಪ್‌ಬೋರ್ಡಿನಲ್ಲಿ ಬಿಟ್ಟದ್ದು ಭದ್ರವಲ್ಲ, ನೀವು ಪಿನ್ ಮಾಡದಿದ್ದರೆ ಜಿಬೋರ್ಡ್ ಕೀಲಿಮಣೆ ಅದನ್ನು ಒಂದು ಗಂಟೆಯ ಮೇಲೆ ಅಳಿಸುತ್ತದೆ.

ನುಡಿ, ಬರಹದ ಹಳೆಯ ಫಾಂಟ್‌ಗಳಲ್ಲಿ ಟೈಪ್ ಮಾಡಿಸಿದ ಕಡತ ಇನ್ನೂ ಎಷ್ಟೋ ಕಚೇರಿಗಳಲ್ಲಿದೆ. ಅದನ್ನು ಪೇಸ್ಟ್ ಮಾಡಿದರೆ ಬಾಕ್ಸ್‌ನಲ್ಲಿ "ಕನ್ನಡ" ಎಂಬುದು PÀ£ÀßqÀ ಎಂದು ಕಾಣುತ್ತದೆ. ಫಾಂಟ್ ಬದಲಿಸುವುದರಿಂದ ಇದು ಸರಿಹೋಗುವುದಿಲ್ಲ. ಯೂನಿಕೋಡ್‌ಗೆ ಪರಿವರ್ತಿಸಿ, ಒತ್ತಕ್ಷರ ಮತ್ತು ಅರ್ಕಾವತ್ತು ಇರುವ ಪದಗಳನ್ನು ಕಣ್ಣಿನಿಂದ ಓದಿ ನೋಡಿದ ಮೇಲೆ ಪೇಸ್ಟ್ ಮಾಡಬೇಕು.

ಪೇಸ್ಟ್ ಮಾಡಲು ಕೂತಾಗ ಒಂದು ಬಾಕ್ಸ್, ಒಂದು ಸೇವ್ ಎಂಬ ಕ್ರಮದಲ್ಲಿ ಹೋಗಿ, ಮೂರನ್ನೂ ತುಂಬಿಸಿ ಒಮ್ಮೆಲೇ ಒತ್ತಬೇಡಿ. ಡ್ರಾಫ್ಟ್ ಬಟನ್ ಇಲ್ಲದ ತಾಣದಲ್ಲಿ ಮುಂದಿನ ಪುಟಕ್ಕೆ ಹೋಗಿ ಹಿಂದಕ್ಕೆ ಬಂದು ನೋಡಿ. ಹಿಂದಕ್ಕೆ ಬರುವಾಗ ಪುಟದೊಳಗಿನ "Previous" ಬಳಸಿ, ಬ್ರೌಸರಿನ ಬ್ಯಾಕ್ ಬೇಡ. ಎಲ್ಲ ಪುಟ ಮುಗಿದ ಮೇಲೆ ಸಲ್ಲಿಸುವ ಮುಂಚಿನ ಮುನ್ನೋಟವನ್ನು ಪಿಡಿಎಫ್ ಆಗಿ ಉಳಿಸಿಕೊಳ್ಳಿ. ಸೈಬರ್ ಸೆಂಟರಿನ ಗಣಕವಾದರೆ ಫೈಲನ್ನು ನಿಮ್ಮ ಮೇಲ್‌ಗೆ ಕಳಿಸಿಕೊಂಡು, ಅಲ್ಲಿಂದ ಅಳಿಸಿ, ರೀಸೈಕಲ್ ಬಿನ್ ಖಾಲಿ ಮಾಡಿ, ಲಾಗೌಟ್ ಆಗಿ.

ಇಷ್ಟಾದರೂ ಉತ್ತರ ಹೋಗುತ್ತಿದ್ದರೆ ದೋಷ ತಾಣದ್ದು. ಸಹಾಯವಾಣಿಗೆ "ಸೇವ್ ಆಗ್ತಿಲ್ಲ" ಎಂದಷ್ಟೇ ಬರೆದರೆ ಬರುವ ಉತ್ತರ "ಬ್ರೌಸರ್ ಬದಲಿಸಿ ನೋಡಿ". ಅರ್ಜಿ ಸಂಖ್ಯೆ, ಪುಟ ಮತ್ತು ಪ್ರಶ್ನೆಯ ಸಂಖ್ಯೆ, ಬಟನ್ ಒತ್ತಿದ ದಿನಾಂಕ ಮತ್ತು ಗಂಟೆ-ನಿಮಿಷ, ಅದಕ್ಕೂ ಹಿಂದಿನ ಸೇವ್ ಆದ ಗಂಟೆ, ಪರದೆಯಲ್ಲಿ ಬಂದ ಸಾಲು ಯಥಾವತ್ತಾಗಿ, ಇವಿಷ್ಟನ್ನೂ ಪರದೆಯ ಚಿತ್ರದೊಂದಿಗೆ ಕಳಿಸಿ. ನಿಮಿಷ ಗೊತ್ತಿದ್ದರೆ ಅವರು ಸರ್ವರಿನ ಲಾಗ್‌ನಲ್ಲಿ ನಿಮ್ಮ ವಿನಂತಿಯನ್ನೇ ಹುಡುಕಿ ತೆಗೆಯಬಹುದು.